ಬರೀ ಸ್ಲ್ಯಾಬ್‌ಗೆ 176 ಮೂಟೆ ಸಿಮೆಂಟ್ ಅಂತ ಬರೆದಿದ್ದಾರೆ. ಇದು ಸರಿನಾ?

ಮೊದಲಮನೆ:
ಎಲ್ಲರಿಗೂ ನಮಸ್ಕಾರ. ನಾವು ಮೊದಲ ಸಲ ಮನೆ ಕಟ್ಟಿಸುತ್ತಿದ್ದೇವೆ. ಸಾಮಾನು ನಮ್ಮದು, ಕೆಲಸ ಕಾಂಟ್ರಾಕ್ಟರದ್ದು ಅಂತ ಮಾತಾಗಿದೆ. ನಿನ್ನೆ ಅವರು ಸಾಮಾನಿನ ಎಸ್ಟಿಮೇಟ್ ಕೊಟ್ಟರು. ನಾಲ್ಕು ಪುಟ ಇದೆ. ನಮ್ಮನೆಯವರು ಕೊನೆಯ ಮೊತ್ತ ಮಾತ್ರ ನೋಡಿ ಮಡಚಿಟ್ಟರು. ನನಗೆ ಮಾತ್ರ ಏನೋ ಸರಿ ಇಲ್ಲ ಅನ್ನಿಸುತ್ತಿದೆ, ಆದರೆ ಏನು ಅಂತ ಹೇಳಲು ಬರುತ್ತಿಲ್ಲ. ಎರಡು ಸಾಲು ಇಲ್ಲಿ ಹಾಕುತ್ತೇನೆ. ಸಿಎಫ್‌ಟಿ ಅಂದರೆ ಘನ ಅಡಿ.

ಸ್ಲ್ಯಾಬ್: 1000 ಚದರಡಿ, ಕಾಂಕ್ರೀಟ್ 500 ಸಿಎಫ್‌ಟಿ. ಸಿಮೆಂಟ್ 176 ಮೂಟೆ, ಮರಳು 210 ಸಿಎಫ್‌ಟಿ, ಜಲ್ಲಿ 420 ಸಿಎಫ್‌ಟಿ, ಕಂಬಿ 690 ಕೆಜಿ.
ಗೋಡೆ: 6 ಇಂಚಿನ ಸಿಮೆಂಟ್ ಬ್ಲಾಕ್ 2250.

ಬೀಮ್, ಕಾಲಂ, ಪಾಯ ಎಲ್ಲ ಬೇರೆ ಸಾಲಿನಲ್ಲಿದೆ. ಇವೆರಡು ಸರಿ ಇದೆಯಾ ಅಂತ ನೋಡುವುದು ಹೇಗೆ?

ಚದರಡಿ_ಚಂದ್ರು:
ಮೇಡಂ, ಚದರಡಿಗೆ ಎಷ್ಟು ರೇಟ್ ಮಾತಾಡಿದ್ದೀರಿ, ಅದನ್ನು ಹೇಳಿ. ಅದಿಲ್ಲದೆ ಯಾರೂ ಏನೂ ಹೇಳಲು ಆಗುವುದಿಲ್ಲ.

ಮೊದಲಮನೆ:
ರೇಟ್ ಬಗ್ಗೆ ಅಲ್ಲ ಸರ್. ಇಷ್ಟು ಸಾಮಾನು ಬೇಕಾ ಅಂತ ಕೇಳಿದ್ದು. ತರಬೇಕಾದವರು ನಾವೇ.

ಕಂಬಿಕಟ್ಟು:
ಸಿಮೆಂಟ್ ಬಿಡಿ, ಕಂಬಿ ನೋಡಿ! ಚದರಡಿಗೆ 4 ಕೆಜಿ ಕಂಬಿ ಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವ ಲೆಕ್ಕ. 1000 ಚದರಡಿಗೆ 4000 ಕೆಜಿ. ಇವರು 690 ಹಾಕಿದ್ದಾರೆ. ಆ ಸ್ಲ್ಯಾಬ್ ಕೆಳಗೆ ಮಲಗಬೇಡಿ ಅಕ್ಕ.

ಹಳೇಸೈಟು:
ಕಂಬಿಕಟ್ಟು ಅವರೇ, ಪಾಪ ಅವರನ್ನು ಹೆದರಿಸಬೇಡಿ. ನೀವು ಹೇಳಿದ 4 ಕೆಜಿ ಇಡೀ ಮನೆಯ ಲೆಕ್ಕ. ಪಾಯ, ಕಾಲಂ, ಬೀಮ್, ಲಿಂಟಲ್, ಮೆಟ್ಟಿಲು ಎಲ್ಲ ಸೇರಿ ಬರುವ ಸುಮಾರು ಅಂದಾಜು ಅದು. ಬರೀ ಸ್ಲ್ಯಾಬ್‌ಗೆ ಹಾಕಿದರೆ ಕಾಂಕ್ರೀಟ್ ಸುರಿಯಲು ಜಾಗವೇ ಇರುವುದಿಲ್ಲ.

ಮೊದಲಮನೆ ಅವರೇ, ನಾನು ಇಪ್ಪತ್ತು ವರ್ಷ ಸೈಟಿನಲ್ಲಿ ಅಳತೆ ಪುಸ್ತಕ ಬರೆದವನು. ಎರಡು ವಿಷಯ ಹೇಳಿ. ಡ್ರಾಯಿಂಗ್‌ನಲ್ಲಿ ಸ್ಲ್ಯಾಬ್ ದಪ್ಪ ಎಷ್ಟಿದೆ? ಕಾಂಕ್ರೀಟ್ ಯಾವ ಗ್ರೇಡ್ ಅಂತ ಬರೆದಿದ್ದಾರೆ? ಕಂಬಿ ಎಷ್ಟು ಎಂಎಂ, ಎಷ್ಟು ಇಂಚಿಗೊಂದು ಅಂತ ಇದ್ದರೆ ಅದನ್ನೂ ಹಾಕಿ.

ಮೊದಲಮನೆ:
ದಪ್ಪ 5 ಇಂಚು. ಗ್ರೇಡ್ ಎಂ20, ಪಕ್ಕದಲ್ಲೇ 1:1.5:3 ಅಂತಲೂ ಇದೆ. ಕಂಬಿ ಒಂದು ಕಡೆಗೆ 10 ಎಂಎಂ 6 ಇಂಚಿಗೊಂದು, ಅಡ್ಡಕ್ಕೆ 8 ಎಂಎಂ 8 ಇಂಚಿಗೊಂದು.

ಹಳೇಸೈಟು:
ಸರಿ, ಮೊದಲು ಆ 500 ನೋಡೋಣ. ಎಸ್ಟಿಮೇಟ್ ಕೈಗೆ ಬಂದ ತಕ್ಷಣ ನಾನು ಮಾಡುವ ಮೊದಲ ಕೆಲಸ ಹಿಂದಿನಿಂದ ಲೆಕ್ಕ ಹಾಕುವುದು. ಕಾಂಕ್ರೀಟ್ 500 ಸಿಎಫ್‌ಟಿ, ಜಾಗ 1000 ಚದರಡಿ. ಭಾಗಿಸಿ. ಅರ್ಧ ಅಡಿ ಬಂತು. ಅರ್ಧ ಅಡಿ ಅಂದರೆ 6 ಇಂಚು, ಡ್ರಾಯಿಂಗ್‌ನಲ್ಲಿ ಇರುವುದು 5.

ಆ ಒಂದು ಇಂಚು ಎಲ್ಲಿಂದ ಬಂತು ಅಂದರೆ, ಲೆಕ್ಕ ಹಾಕಿದವರು 5 ಇಂಚನ್ನು 0.5 ಅಡಿ ಅಂತ ಟೈಪ್ ಮಾಡಿದ್ದಾರೆ. ಅಡಿಗೆ 12 ಇಂಚು, 10 ಅಲ್ಲ. ನಿಜವಾದ ಲೆಕ್ಕ ಇದು:

```
1000 × 5/12 = 417
1000 × 0.5  = 500
```

ಈ ತಪ್ಪಿಗೆ ಒಂದು ಗುರುತಿದೆ. ಇಂಚನ್ನು ಹೀಗೆ ಚುಕ್ಕಿ ಹಾಕಿ ಬರೆದರೆ ಯಾವಾಗಲೂ ಸರಿಯಾಗಿ 1.2 ಪಟ್ಟು ಜಾಸ್ತಿಯಾಗುತ್ತದೆ. 9 ಇಂಚಿನ ಗೋಡೆಯನ್ನು 0.9 ಅಂತ ಬರೆದರೂ ಅಷ್ಟೇ, 4 ಇಂಚಿನ ಬೆಡ್ ಕಾಂಕ್ರೀಟನ್ನು 0.4 ಅಂತ ಬರೆದರೂ ಅಷ್ಟೇ. ಎಸ್ಟಿಮೇಟ್‌ನಲ್ಲಿ ದಪ್ಪ ಅಥವಾ ಆಳ ಇಂಚಿನಲ್ಲಿರುವ ಸಾಲೆಲ್ಲ ಹುಡುಕಿ. ಒಂದು ಕಡೆ ಹೀಗೆ ಬರೆದ ಕೈ ಬೇರೆ ಕಡೆಯೂ ಬರೆದಿರುತ್ತದೆ.

ಮೊದಲಮನೆ:
ಅಯ್ಯೋ, ಹೌದು! ಈಗಲೇ ನೋಡಿದೆ. ಪಾಯದ ಕೆಳಗಿನ ಬೆಡ್‌ನ ಸಾಲಿನಲ್ಲಿ, ದಪ್ಪ ಬರೆಯುವ ಕಾಲಂನಲ್ಲಿ "0.4" ಅಂತಲೇ ಇದೆ. ಡ್ರಾಯಿಂಗ್‌ನಲ್ಲಿ 4 ಇಂಚು.

ಕಂಬಿಕಟ್ಟು:
ಸರಿ, ನಾನು ಹೇಳಿದ್ದು ಇಡೀ ಮನೆ ಲೆಕ್ಕ ಅಂತಲೇ ಇಟ್ಟುಕೊಳ್ಳೋಣ. ಆದರೂ 690 ಸಾಕಾಗುತ್ತಾ? ಕಾಂಕ್ರೀಟ್ 500 ಇದ್ದದ್ದು 417 ಆಯಿತಲ್ಲ, ಕಂಬಿಯೂ ಅಷ್ಟೇ ಕಡಿಮೆ ಆಗಬೇಕಲ್ವಾ?

ಹಳೇಸೈಟು:
ಆಗುವುದಿಲ್ಲ. ಕಂಬಿ ಜಾಗದ ಮೇಲೆ ಹೋಗುತ್ತದೆ, ದಪ್ಪ ತಪ್ಪಾಗಿ ಟೈಪ್ ಮಾಡಿದರೆ ಕಂಬಿ ಬದಲಾಗುವುದಿಲ್ಲ. ಲೆಕ್ಕ ಸುಲಭ. 6 ಇಂಚಿಗೊಂದು ಕಂಬಿ ಅಂದರೆ ಒಂದು ಚದರಡಿಯಲ್ಲಿ 2 ಅಡಿ ಕಂಬಿ ಓಡುತ್ತದೆ. 1000 ಚದರಡಿಗೆ 2000 ಅಡಿ, ಅಂದರೆ 610 ಮೀಟರ್. 8 ಇಂಚಿಗೊಂದು ಅಂದರೆ ಚದರಡಿಗೆ ಒಂದೂವರೆ ಅಡಿ, ಒಟ್ಟು 1500 ಅಡಿ, 457 ಮೀಟರ್.

ಮೀಟರಿಗೆ ತೂಕ ಎಷ್ಟು ಅಂತ ತಿಳಿಯಲು ಕಂಬಿಯ ಎಂಎಂ ಅನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ. 10 ಎಂಎಂಗೆ 0.617 ಕೆಜಿ, 8 ಎಂಎಂಗೆ 0.395. ಹಾಗಾಗಿ ಒಂದು 376 ಕೆಜಿ, ಇನ್ನೊಂದು 181. ಕೂಡಿದರೆ 557. ಉಳಿದ 130 ಚಿಲ್ಲರೆ ಕೆಜಿ ಲ್ಯಾಪ್, ತುದಿ ಬಗ್ಗಿಸುವುದು, ಬೀಮ್ ಮೇಲೆ ಹಾಕುವ ಎಕ್ಸ್‌ಟ್ರಾ ಕಂಬಿ, ಚೇರ್ ಇವಕ್ಕೆ ಹೋಗುತ್ತದೆ. ಸ್ವಲ್ಪ ಧಾರಾಳ ಅನ್ನಿಸಿದರೂ ತಪ್ಪು ಅನ್ನುವಂತಿಲ್ಲ. ಬಾರ್ ಬೆಂಡಿಂಗ್ ಪಟ್ಟಿ ಕೇಳಿ ನೋಡಿದರೆ ಪಕ್ಕಾ ಆಗುತ್ತದೆ.

ನನ್ನ ಅನುಮಾನ ಏನೆಂದರೆ, ಕಂಬಿ ಎಣಿಸಿದವರು ಬೇರೆ, ಕಾಂಕ್ರೀಟ್ ಲೆಕ್ಕ ಹಾಕಿದವರು ಬೇರೆ.

ಲೆಕ್ಕದಮೇಷ್ಟ್ರು:
ಕಾಂಕ್ರೀಟ್ 500ರಿಂದ 417ಕ್ಕೆ ಬಂದರೆ ಸಿಮೆಂಟ್ ಕೂಡ ಅದೇ ಲೆಕ್ಕದಲ್ಲಿ ಇಳಿಯಬೇಕು. 176 ಅನ್ನು 1.2ರಿಂದ ಭಾಗಿಸಿದರೆ 147 ಮೂಟೆ. ಅಲ್ಲಿಗೆ ಮುಗಿಯಿತು. 29 ಮೂಟೆ ಉಳಿಯಿತು, ಸಿಹಿ ಹಂಚಿ.

ಹಳೇಸೈಟು:
ಮೇಷ್ಟ್ರೇ, ಅರ್ಧ ದಾರಿಗೆ ಬಂದಿದ್ದೀರಿ. 176 ಬೇರೆ ಕಡೆಯೂ ಕೆಟ್ಟಿದೆ.

ಇದನ್ನು ನೋಡಲು ಉದ್ದ, ಅಗಲ ಏನೂ ಬೇಡ. ಜಲ್ಲಿಯನ್ನು ಸಿಮೆಂಟ್ ಮೂಟೆಯಿಂದ ಭಾಗಿಸಿ ಸಾಕು. 50 ಕೆಜಿ ಮೂಟೆಯಲ್ಲಿ ಸುಮಾರು 1.225 ಸಿಎಫ್‌ಟಿ ಸಿಮೆಂಟ್ ಇರುತ್ತದೆ. 1:1.5:3 ಅಂದರೆ ಸಿಮೆಂಟ್, ಮರಳು, ಜಲ್ಲಿಯ ಪಾಲು. ಈ ಮಿಕ್ಸ್‌ನಲ್ಲಿ ಸಿಮೆಂಟಿನ ಮೂರರಷ್ಟು ಜಲ್ಲಿ, ಅಂದರೆ ಮೂಟೆಗೆ ಸುಮಾರು 3.7 ಸಿಎಫ್‌ಟಿ. ಇವರ ಪಟ್ಟಿಯಲ್ಲಿ 420 ಜಲ್ಲಿಗೆ 176 ಮೂಟೆ. ಭಾಗಿಸಿದರೆ 2.4.

ಹಾಗಾದರೆ 420 ಜಲ್ಲಿಗೆ ಎಷ್ಟು ಮೂಟೆ ಬೇಕಿತ್ತು? 420 ಭಾಗಿಸು 3.7, ಸುಮಾರು 114. ಈಗ 176 ಅನ್ನು 114ರಿಂದ ಭಾಗಿಸಿ. 1.54 ಬರುತ್ತದೆ. ಈ ಅಂಕಿ ಕಂಡರೆ ನಮ್ಮಂಥವರಿಗೆ ನಗು ಬರುತ್ತದೆ.

ಮೊದಲಮನೆ:
ನನಗೆ ನಗು ಬರಲಿಲ್ಲ ಸರ್. 1.54 ಅಂದರೇನು?

ಹಳೇಸೈಟು:
ಕ್ಷಮಿಸಿ. ಒಂದು ಬುಟ್ಟಿ ಜಲ್ಲಿಗೆ ಅರ್ಧ ಬುಟ್ಟಿ ಮರಳು ಸುರಿದು ಕಲಸಿದರೆ ಒಂದೂವರೆ ಬುಟ್ಟಿ ಆಗುವುದಿಲ್ಲ. ಮರಳು ಜಲ್ಲಿಯ ಸಂದಿಗೆ ಇಳಿಯುತ್ತದೆ, ಸಿಮೆಂಟ್ ಮರಳಿನ ಸಂದಿಗೆ ಇಳಿಯುತ್ತದೆ. ಅದಕ್ಕೇ 1 ಸಿಎಫ್‌ಟಿ ಗಟ್ಟಿ ಕಾಂಕ್ರೀಟ್ ಬೇಕಾದರೆ ಒಣ ಸಾಮಾನು ಎಲ್ಲ ಸೇರಿ ಸುಮಾರು 1.54 ಸಿಎಫ್‌ಟಿ ಬೇಕು. ಕೆಲವರು 1.52 ಹಾಕುತ್ತಾರೆ, ಕೆಲವರು 1.57. ಅದರಿಂದ ಒಂದೆರಡು ಮೂಟೆ ಹೆಚ್ಚುಕಡಿಮೆ ಆದರೆ ಜಗಳ ಆಡಬೇಡಿ.

ನಿಮ್ಮ ಸ್ಲ್ಯಾಬ್‌ಗೆ ಹಾಕಿ ನೋಡೋಣ. 417ಕ್ಕೆ 1.54 ಗುಣಿಸಿದರೆ 642. ಮಿಕ್ಸ್‌ನ ಪಾಲು 1, ಒಂದೂವರೆ ಮತ್ತು 3, ಒಟ್ಟು ಐದೂವರೆ ಪಾಲು. 642 ಅನ್ನು ಐದೂವರೆ ಪಾಲು ಮಾಡಿದರೆ ಒಂದು ಪಾಲು ಸುಮಾರು 117. ಅದೇ ಸಿಮೆಂಟ್, ಮೂಟೆ ಲೆಕ್ಕದಲ್ಲಿ 95. ಮರಳು 175, ಜಲ್ಲಿ 350.

ಇವರು ಏನು ಮಾಡಿರಬಹುದು ಅಂದರೆ, ಘನ ಮೀಟರಿಗೆ 8 ಮೂಟೆ ಅನ್ನುವ ಬಾಯಿಲೆಕ್ಕ ಹಿಡಿದಿದ್ದಾರೆ. ಆ 8ರ ಒಳಗೆ 1.54 ಆಗಲೇ ಸೇರಿದೆ. ಅದು ಗೊತ್ತಿಲ್ಲದೆ ಅದರ ಮೇಲೆ ಇನ್ನೊಮ್ಮೆ 1.54 ಗುಣಿಸಿದ್ದಾರೆ. ಮರಳಿಗೂ ಜಲ್ಲಿಗೂ ಹಾಗೆ ಆಗಿಲ್ಲ, ಸಿಮೆಂಟ್ ಒಂದಕ್ಕೇ ಆಗಿದೆ. ಅದಕ್ಕೇ ಭಾಗಿಸಿದಾಗ ಸಿಕ್ಕಿಬಿತ್ತು.

ಟೇಪುಮೇಸ್ತ್ರಿ:
ನಾನು ಕಾಂಟ್ರಾಕ್ಟರ್ ಕಡೆಯವನು, ಹಾಗಾಗಿ ಇನ್ನೊಂದು ಮುಖ ಹೇಳುತ್ತೇನೆ. ಅದು ತಪ್ಪೇ ಆಗಿರಬೇಕು ಅಂತೇನಿಲ್ಲ. 176 ಮೂಟೆ, 210 ಮರಳು, 420 ಜಲ್ಲಿ ಅಂದರೆ ಹೆಚ್ಚುಕಡಿಮೆ 1:1:2 ಆಗುತ್ತದೆ. ಅದು ಎಂ25ರ ಮಿಕ್ಸ್. ಆ ಮಿಕ್ಸ್‌ನಲ್ಲಿ 420 ಜಲ್ಲಿಗೆ 171 ಮೂಟೆ ಬೇಕು, ಅವರು 176 ಹಾಕಿದ್ದಾರೆ. ಸ್ಲ್ಯಾಬ್ ಗಟ್ಟಿ ಇರಲಿ ಅಂತ ಒಂದು ಗ್ರೇಡ್ ಮೇಲೆ ಹೋಗಿರಬಹುದು.

ಹಳೇಸೈಟು:
ಮೇಸ್ತ್ರಿಗಳೇ, ಈ ಮಾತು ಒಪ್ಪುತ್ತೇನೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ. ಆದರೆ 1:1:2 ಮಾಡಿದರೆ ಆ 500 ಸಿಎಫ್‌ಟಿಗೆ ಮರಳು 193, ಜಲ್ಲಿ 385 ಸಾಕು. ಸಿಮೆಂಟ್ ಜಾಸ್ತಿ ಆದಾಗ ಅವು ಕಡಿಮೆ ಆಗಬೇಕು. ಇಲ್ಲಿ ಎರಡೂ ಎಂ20ರ ಅಂಕಿಯಲ್ಲೇ ಕೂತಿವೆ. ಅದಕ್ಕೇ ನನಗೆ ಇದು ಗುಣಾಕಾರದ ತಪ್ಪು ಅನ್ನಿಸುತ್ತದೆ.

ಟೇಪುಮೇಸ್ತ್ರಿ:
ಹ್ಞೂಂ. ಅದನ್ನು ನಾನು ನೋಡಿರಲಿಲ್ಲ. ಆದರೂ ಮೇಡಂ, "ಮೋಸ" ಅಂತ ಶುರು ಮಾಡಬೇಡಿ. "ಸ್ಲ್ಯಾಬ್ ಯಾವ ಮಿಕ್ಸ್‌ಗೆ ಲೆಕ್ಕ ಹಾಕಿದ್ದೀರಿ?" ಅಂತ ಮೊದಲು ಕೇಳಿ. ಎಂ20 ಅಂದ ಮೇಲೆ ಜಲ್ಲಿ ಭಾಗಾಕಾರ ತೋರಿಸಿ. ನಾವು ಎಷ್ಟೋ ಸಲ ಹಳೇ ಮನೆಯ ಎಕ್ಸೆಲ್ ಹಾಳೆಯಲ್ಲೇ ಅಂಕಿ ಬದಲಾಯಿಸಿ ಕೊಡುತ್ತೇವೆ. ಅದರೊಳಗೆ ಯಾರು ಯಾವಾಗ ಏನು ಗುಣಿಸಿಟ್ಟಿದ್ದರೋ ನಮಗೇ ಗೊತ್ತಿರುವುದಿಲ್ಲ.

ಮರಳುಗಾಡು:
ನಮ್ಮದು ಇದಕ್ಕೆ ಉಲ್ಟಾ. ಎಸ್ಟಿಮೇಟ್ ಸರಿ ಇತ್ತು, ಇಲ್ಲಿ ಹೇಳಿದ ಹಾಗೇ ಲೆಕ್ಕ ಬರುತ್ತಿತ್ತು. ಆದರೆ ಸ್ಲ್ಯಾಬ್ ಹಾಕುವ ದಿನ ಮಧ್ಯಾಹ್ನವೇ ಮರಳು ಖಾಲಿ. ಲಾರಿ ಬಂದಾಗ ನಾನೇ ಟೇಪ್ ಹಿಡಿದು ಅಳೆದಿದ್ದೆ, ಉದ್ದ ಅಗಲ ಎತ್ತರ ಎಲ್ಲ ಸರಿ ಇತ್ತು. ಕಳ್ಳತನ ಅಂತ ವಾಚ್‌ಮನ್ ಮೇಲೆ ಕೂಗಾಡಿಬಿಟ್ಟೆ. ಎಸ್ಟಿಮೇಟ್ ನಂಬಬೇಡಿ ಅಂತ ನನ್ನ ಮಾತು.

ಹಳೇಸೈಟು:
ಮರಳು ಒದ್ದೆ ಇತ್ತಾ?

ಮರಳುಗಾಡು:
ಹೌದು, ಸ್ವಲ್ಪ ಪಸೆ ಇತ್ತು. ನೀರು ಸುರಿಯುವಷ್ಟು ಅಲ್ಲ.

ಹಳೇಸೈಟು:
ಹಾಗಾದರೆ ವಾಚ್‌ಮನ್‌ಗೆ ಒಂದು ಕ್ಷಮೆ ಬಾಕಿ ಇದೆ. ಪಸೆ ಇರುವ ಮರಳು ಉಬ್ಬುತ್ತದೆ. ಕಣದ ಸುತ್ತ ನೀರಿನ ತೆಳು ಪೊರೆ ಕೂತು ಕಣಗಳನ್ನು ದೂರ ತಳ್ಳುತ್ತದೆ. ಸಣ್ಣ ಮರಳಾದರೆ ನಾಲ್ಕನೇ ಒಂದು ಪಾಲು, ಕೆಲವೊಮ್ಮೆ ಇನ್ನೂ ಜಾಸ್ತಿ ಉಬ್ಬಿರುತ್ತದೆ. ಪೂರ್ತಿ ಒಣಗಿದರೂ ಇಳಿಯುತ್ತದೆ, ಪೂರ್ತಿ ನೀರಲ್ಲಿ ಮುಳುಗಿದರೂ ಇಳಿಯುತ್ತದೆ. ಅನುಮಾನ ಇದ್ದರೆ ಗಾಜಿನ ಲೋಟದಲ್ಲಿ ಮುಕ್ಕಾಲು ಮರಳು ಹಾಕಿ ಗುರುತು ಮಾಡಿ, ನೀರು ತುಂಬಿ ಕಲಕಿ ಬಿಡಿ. ಎಷ್ಟು ಕೆಳಗೆ ಕೂರುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ನಾನು ಮೇಲೆ ಹೇಳಿದ 175 ಒಣ ಮರಳಿನ ಲೆಕ್ಕ. ಮೊದಲಮನೆ ಅವರೇ, ಮರಳಿನ ಸಾಲಿನಲ್ಲಿ ಸ್ವಲ್ಪ ಜಾಸ್ತಿ ಕಂಡರೆ ಇದಕ್ಕಾಗಿ ಹಾಕಿದ್ದಾರಾ ಅಂತ ಕೇಳಿ. ಅದು ನ್ಯಾಯವಾದ ಜಾಸ್ತಿ. ಸಿಮೆಂಟ್‌ಗೆ ಈ ನೆಪ ನಡೆಯುವುದಿಲ್ಲ, ಮೂಟೆ ತೂಕದ ಲೆಕ್ಕ.

ಮೊದಲಮನೆ:
ಬ್ಲಾಕ್ ನಾನೇ ನೋಡಲು ಪ್ರಯತ್ನ ಮಾಡಿದೆ. ತಪ್ಪಿದ್ದರೆ ತಿದ್ದಿ. ಬ್ಲಾಕಿನ ಮುಖ 16 ಇಂಚು ಉದ್ದ, 8 ಇಂಚು ಎತ್ತರ. ಅಂದರೆ 128 ಚದರ ಇಂಚು. ಒಂದು ಚದರಡಿಗೆ 144 ಚದರ ಇಂಚು, ಹಾಗಾಗಿ 100 ಚದರಡಿ ಗೋಡೆಗೆ ಸುಮಾರು 112 ಬ್ಲಾಕ್. ಪ್ಲಾನ್ ಮೇಲೆ ದಾರ ಇಟ್ಟು ಗೋಡೆಗಳ ಉದ್ದ ಅಳೆದೆ, ಒಟ್ಟು 190 ಅಡಿ. ಎತ್ತರ 10 ಅಡಿ. 1900 ಚದರಡಿ. ಅದಕ್ಕೆ ಬ್ಲಾಕ್ 2137 ಬಂತು. ಅವರದು 2250. ಇದು ಸರಿ ಇದೆ ಅಲ್ವಾ? ಒಡೆಯುವುದಕ್ಕೆ ಸ್ವಲ್ಪ ಸೇರಿಸಿರುತ್ತಾರೆ.

ಹಳೇಸೈಟು:
ದಾರದ ಐಡಿಯಾ ಚೆನ್ನಾಗಿದೆ. ಎರಡು ಕೋಣೆಗಳ ನಡುವಿನ ಗೋಡೆಯನ್ನು ಒಂದೇ ಸಲ ಎಣಿಸಿದ್ದೀರಿ ತಾನೇ? ಕೋಣೆ ಕೋಣೆಯಾಗಿ ಅಳೆದರೆ ಅದು ಎರಡು ಸಲ ಬಂದುಬಿಡುತ್ತದೆ.

ಆದರೆ ನಿಮ್ಮ ಮನೆಗೆ ಬಾಗಿಲು ಕಿಟಕಿ ಇಲ್ಲವಾ?

ಮೊದಲಮನೆ:
ಛೆ! ಬಾಗಿಲು, ಕಿಟಕಿ ಬಿಟ್ಟೇಬಿಟ್ಟೆ. ಗೋಡೆ ಒಂದೇ ಸಲ ಎಣಿಸಿದ್ದೇನೆ. ಈಗ ಬಾಗಿಲು, ಕಿಟಕಿ, ವೆಂಟಿಲೇಟರ್ ಎಲ್ಲ ಕೂಡಿದೆ, ಹತ್ತಿರ ಹತ್ತಿರ 300 ಚದರಡಿ. ಕಳೆದರೆ 1600 ಚದರಡಿ, 1800 ಬ್ಲಾಕ್. ಹಾಗಾದರೆ 450 ಬ್ಲಾಕ್ ಜಾಸ್ತಿ!

ಹಳೇಸೈಟು:
ಹೌದು. ಅವರೂ ನೀವು ಮಾಡಿದ್ದನ್ನೇ ಮಾಡಿದ್ದಾರೆ. 2137ಕ್ಕೆ ನೂರಕ್ಕೆ ಐದರಂತೆ ಸೇರಿಸಿ, 2250ಕ್ಕೆ ಸರಿ ಮಾಡಿದ್ದಾರೆ. ಇನ್ನೊಂದು ಸಣ್ಣ ವಿಷಯ. ಬ್ಲಾಕ್‌ಗಳ ನಡುವೆ ಗಾರೆ ಇರುತ್ತದಲ್ಲ, ಅದನ್ನು ಸೇರಿಸಿದರೆ 100 ಚದರಡಿಗೆ 105 ಸಾಕು. ನೀವು 112 ಹಿಡಿದಿದ್ದೀರಿ. ಒಡೆಯುವ ಬ್ಲಾಕ್‌ಗೆ ಆ ಏಳೇ ಸಾಕು. ಮತ್ತೆ ಮೇಲೆ ಐದು ಪರ್ಸೆಂಟ್ ಬೇಡ.

ಟೇಪುಮೇಸ್ತ್ರಿ:
ಇಲ್ಲಿ ನಾನು ಒಪ್ಪುವುದಿಲ್ಲ. ಕಿಟಕಿ ಪಕ್ಕ, ಮೂಲೆ, ಲಿಂಟಲ್ ಕೆಳಗೆ ಎಲ್ಲ ಬ್ಲಾಕ್ ಕತ್ತರಿಸಲೇಬೇಕು. ಅರ್ಧ ಹಾಕಿದರೆ ಇನ್ನರ್ಧ ಎಷ್ಟೋ ಸಲ ಕಸವೇ. 105 ಅನ್ನುವುದು ಪೇಪರ್ ಮೇಲೆ ಚೆಂದ. ಕಿಟಕಿ ಜಾಸ್ತಿ ಇದ್ದಷ್ಟೂ ಕತ್ತರಿಸುವುದು ಜಾಸ್ತಿ. ನನ್ನನ್ನು ಕೇಳಿದರೆ 1800ರ ಮೇಲೆ ಇನ್ನೊಂದು ನೂರು ಬೇಕು. ಅಲ್ಲದೆ ಕೂಲಿ ಲೆಕ್ಕಕ್ಕೆ ಕೆಲವು ಕಡೆ ಕಿಟಕಿ ಕಳೆಯುವುದೇ ಇಲ್ಲ, ಅಂಚು ಕಟ್ಟುವ ಕೆಲಸ ಇರುತ್ತದೆ ಅಂತ.

ಹಳೇಸೈಟು:
ಕೂಲಿಗೆ ಕಳೆಯದಿದ್ದರೆ ಅದು ಮಾತಿನ ಪ್ರಕಾರ. ಕಿಟಕಿ ಇರುವ ಜಾಗಕ್ಕೆ ಬ್ಲಾಕ್ ತಂದು ಏನು ಮಾಡುತ್ತೀರಿ? ಅಳತೆ ಒಂದೇ ಹಾಳೆಯಲ್ಲಿ ಇರುವುದರಿಂದ ಕೂಲಿಯ ಅಂಕಿ ಸಾಮಾನಿನ ಕಾಲಂಗೆ ಹಾರಿದೆ ಅಷ್ಟೇ. ನೂರು ಜಾಸ್ತಿಯ ವಿಷಯದಲ್ಲಿ ನಿಮ್ಮ ಕೈ ಅನುಭವ ದೊಡ್ಡದು, ನಾನು ವಾದ ಮಾಡುವುದಿಲ್ಲ. ಎರಡು ಕಂತಿನಲ್ಲಿ ತರಿಸಿದರೆ ಈ ಜಗಳವೇ ಬೇಡ.

ಲೆಕ್ಕದಮೇಷ್ಟ್ರು:
ನನ್ನದೊಂದು ಪ್ರಶ್ನೆ. ಎಲ್ಲವೂ ಜಾಸ್ತಿ ಇರುವುದನ್ನೇ ಹುಡುಕುತ್ತಿದ್ದೀರಿ. ಕಡಿಮೆ ಇದ್ದರೆ?

ಹಳೇಸೈಟು:
ಕಡಿಮೆ ಇರುವುದು ಸಾಮಾನ್ಯವಾಗಿ ಅಂಕಿಯಲ್ಲಿ ಸಿಗುವುದಿಲ್ಲ, ಸಾಲೇ ಇರುವುದಿಲ್ಲ. ಪ್ಯಾರಾಪೆಟ್ ಗೋಡೆ, ಸಜ್ಜಾ, ಸಂಪು, ಮೆಟ್ಟಿಲು, ಪಾಯದ ಒಳಗೆ ತುಂಬುವ ಮಣ್ಣು. ಡ್ರಾಯಿಂಗ್ ಎದುರಿಗಿಟ್ಟು ನೆಲದಿಂದ ಮೇಲಕ್ಕೆ ಬೆರಳಿಟ್ಟು ಬನ್ನಿ, ಪ್ರತಿಯೊಂದಕ್ಕೂ ಸಾಲು ಇದೆಯಾ ನೋಡಿ. ಇದಕ್ಕೆ ಗಣಿತ ಬೇಡ.

ಮೊದಲಮನೆ:
ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಕಾಂಟ್ರಾಕ್ಟರ್ ಹತ್ತಿರ ಮಾತಾಡಿದೆ. ಜಗಳ ಆಡಲಿಲ್ಲ. "5 ಇಂಚು ಅಂದರೆ 0.5 ಅಡಿ ಆಗುತ್ತಾ?" ಅಂತ ಮಾತ್ರ ಕೇಳಿದೆ. ಅವರು ಒಂದು ಕ್ಷಣ ಹಾಳೆ ನೋಡಿ, "ನಮ್ಮ ಹುಡುಗ ಮಾಡಿದ್ದು" ಅಂದರು. ಬ್ಲಾಕ್ 1900 ಅಂತ ಅವರೇ ತಿದ್ದಿದರು, ನಾನು ಒಪ್ಪಿಕೊಂಡೆ. ಸಜ್ಜಾ ಸಾಲೇ ಇರಲಿಲ್ಲ, ಅದನ್ನು ಸೇರಿಸಿದರು. ಅದು ನಮಗೆ ಖರ್ಚು, ಆದರೆ ಈಗಲೇ ಗೊತ್ತಾಯಿತು.

ಇವತ್ತು ಹೊಸ ಪಟ್ಟಿ ಬಂತು. ಸ್ಲ್ಯಾಬ್ ಕಾಂಕ್ರೀಟ್ 417. ಮರಳು 175. ಜಲ್ಲಿ 350. ಸಿಮೆಂಟ್ 147.

ಬಂದ ತಕ್ಷಣ ನಾನೇ ಭಾಗಿಸಿದೆ. 350 ಭಾಗಿಸು 147, ಮತ್ತೆ 2.4!

ಲೆಕ್ಕದಮೇಷ್ಟ್ರು:
ನನ್ನ 147! ಹಂಚಿದ ಸಿಹಿ ವಾಪಸ್ ತೆಗೆದುಕೊಳ್ಳುತ್ತೇನೆ.

ಹಳೇಸೈಟು:
ದಪ್ಪ ತಿದ್ದಿದ್ದಾರೆ, ಸಿಮೆಂಟ್ ಕಾಲಂ ಒಳಗಿನ ಸೂತ್ರ ಹಾಗೇ ಇದೆ. ಅವರು ಏನು ಹೇಳಿದರು?

ಮೊದಲಮನೆ:
ಫೋನ್ ಮಾಡಿದೆ. "ಸೈಟಿನಲ್ಲಿ ವೇಸ್ಟ್ ಆಗುತ್ತೆ ಮೇಡಂ, ಸಿಮೆಂಟ್ ಜಾಸ್ತಿ ಇದ್ದರೆ ಸ್ಲ್ಯಾಬ್‌ಗೇ ಒಳ್ಳೇದು" ಅಂದರು.

ಟೇಪುಮೇಸ್ತ್ರಿ:
ವೇಸ್ಟ್‌ಗೆ ಎರಡು ಮೂರು ಪರ್ಸೆಂಟ್ ಸರಿ. 95ಕ್ಕೆ 52 ಮೂಟೆ ವೇಸ್ಟ್ ಅಂದರೆ ನಾನೂ ಅವರ ಪರ ಮಾತಾಡಲಾರೆ.

ಹಳೇಸೈಟು:
ಜಾಸ್ತಿ ಸಿಮೆಂಟ್ ಒಳ್ಳೇದು ಅನ್ನುವುದೂ ಪೂರ್ತಿ ನಿಜ ಅಲ್ಲ. ಸಿಮೆಂಟ್ ಜಾಸ್ತಿ ಆದಷ್ಟೂ ಕಾಂಕ್ರೀಟ್ ಒಣಗುವಾಗ ಕುಗ್ಗುವುದು ಜಾಸ್ತಿ, ಕೂದಲೆಳೆ ಬಿರುಕು ಬೀಳುವ ಸಾಧ್ಯತೆಯೂ ಜಾಸ್ತಿ. ಎಂ25 ಬೇಕು ಅಂತ ಡ್ರಾಯಿಂಗ್ ಮಾಡಿದ ಇಂಜಿನಿಯರ್ ಹೇಳಿದರೆ ಅದು ಬೇರೆ ಮಾತು. ಆಗ ಮರಳು ಜಲ್ಲಿಯನ್ನೂ ಬದಲಾಯಿಸಿ ಹೊಸ ಪಟ್ಟಿ ಕೊಡಲಿ. ಆ ಹಾಳೆಯನ್ನು ಪ್ರಿಂಟ್ ಅಲ್ಲ, ಫೈಲ್ ಆಗಿಯೇ ಕೇಳಿ. ಸಿಮೆಂಟ್ ಅಂಕಿಯ ಮೇಲೆ ಒತ್ತಿದರೆ ಸೂತ್ರ ಕಾಣುತ್ತದೆ. ಅದರಲ್ಲಿ 1.54 ಇದೆಯಾ ಇಲ್ಲವಾ ನೋಡಿ.

ಮೊದಲಮನೆ:
ಫೈಲ್ ಕೇಳಿದ್ದೇನೆ. "ಸಂಜೆ ಕಳಿಸ್ತೀನಿ" ಅಂದಿದ್ದಾರೆ. ಸದ್ಯಕ್ಕೆ ಅಂಗಡಿಗೆ 100 ಮೂಟೆ ಅಂತ ಮಾತ್ರ ಹೇಳಿಟ್ಟಿದ್ದೇನೆ.